ಕೇಳದೆ ಮಾರಿದ 12 ಕ್ವಿಂಟಲ್ ತೊಗರಿ: ಕ್ಷಮೆಯ ಕರಡಿನಿಂದ ಸಮರ್ಥನೆಯನ್ನು ಕಿತ್ತುಹಾಕುವುದು

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಆದ ಕೂಡಲೇ ಎಲ್ಲ ರೈತರೂ ಮಾರಿಬಿಡುವುದಿಲ್ಲ. ಧಾರಣಿ ಇನ್ನಷ್ಟು ಏರಲಿ ಎಂದು ಗಂಜ್ ಎನ್ನುವ ಕೃಷಿ ಮಾರುಕಟ್ಟೆಯಲ್ಲಿ, ಕಮಿಷನ್ ಮೇಲೆ ಮಾಲು ಮಾರಿಕೊಡುವ ಪರಿಚಯದ ಅಡತಿ ಅಂಗಡಿಯಲ್ಲಿ ಚೀಲ ಇಟ್ಟು, "ನಾ ಹೇಳೂತನಕ ಮಾರಬ್ಯಾಡ್ರಿ" ಎಂದು ಊರಿಗೆ ಹೋಗುವವರಿದ್ದಾರೆ. ರಸೀದಿಗಿಂತ ಹೆಚ್ಚಾಗಿ ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರ ಇದು. ಹೀಗಾಗಿ ಮಾತು ತಪ್ಪಿದಾಗ ಕ್ಷಮೆ ಕೇಳುವ ಪ್ರಸಂಗವೂ ಬರುತ್ತದೆ. ಮುಂದಿನದು ಅಭ್ಯಾಸಕ್ಕೆಂದು ಕಟ್ಟಿಕೊಂಡ ಪ್ರಕರಣ. ಇದರ ಮನುಷ್ಯರು, ಅಂಗಡಿ, ಧಾರಣಿಯ ಅಂಕಿ ಯಾವುದೂ ನಿಜವಾದ ಯಾರೊಬ್ಬರದ್ದೂ ಅಲ್ಲ.

ಆಳಂದ ತಾಲ್ಲೂಕಿನ ಅರವತ್ತರ ವಯಸ್ಸಿನ ರೈತರೊಬ್ಬರು ತಮ್ಮ 12 ಕ್ವಿಂಟಲ್ ತೊಗರಿಯನ್ನು ಅಡತಿ ಅಂಗಡಿಯಲ್ಲಿ ಇಟ್ಟಿದ್ದರು. ಅಂಗಡಿ ನಡೆಸುವವನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅಪ್ಪನ ಕಾಲದ ಬಳಕೆ ಇರುವುದರಿಂದ ರೈತರನ್ನು ಕಾಕಾ ಎಂದೇ ಕರೆಯುತ್ತಾನೆ. ಒಂದು ದಿನ ಬೆಳಿಗ್ಗೆ ಅವನು ಕಾಕಾಗೆ ಒಮ್ಮೆ ಫೋನ್ ಹಚ್ಚಿದ. ಅವರು ಎತ್ತಲಿಲ್ಲ. ಇಪ್ಪತ್ತೈದು ನಿಮಿಷದ ನಂತರ ಆ 12 ಕ್ವಿಂಟಲ್‌ ಅನ್ನು ಕ್ವಿಂಟಲ್‌ಗೆ 6,900 ರೂಪಾಯಿಯಂತೆ ಮಾರಿದ. ಹಣವನ್ನು ಅಂಗಡಿಯ ಖಾತೆಯಲ್ಲಿ ಕಾಕಾನ ಹೆಸರಿಗೆ ಜಮಾ ಮಾಡಿದ, ಆದರೆ ಸುದ್ದಿ ತಿಳಿಸಲಿಲ್ಲ. ಹತ್ತು ದಿನದ ಮೇಲೆ ಧಾರಣಿ 7,450ಕ್ಕೆ ಹೋಯಿತು. ಕಾಕಾ ಫೋನ್ ಮಾಡಿ "ಈಗ ಮಾರ್ರಿ" ಎಂದಾಗಲೇ ತೊಗರಿ ಹೋಗಿರುವುದು ಗೊತ್ತಾದದ್ದು. ಕ್ವಿಂಟಲ್‌ಗೆ 550ರಂತೆ ನಷ್ಟ 6,600 ರೂಪಾಯಿ. ಕಾಕಾ ಫೋನ್ ಇಟ್ಟರು, ಮತ್ತೆ ಎತ್ತಲಿಲ್ಲ.

ಅಂಗಡಿಯವನು ವಾಟ್ಸಾಪಿನಲ್ಲಿ ಕಳಿಸಲು ಬರೆದುಕೊಂಡ ಮೊದಲ ಕರಡು ಹೀಗಿತ್ತು:

"ಕಾಕಾ, ನಮಸ್ಕಾರ. ತೊಗರಿ ವಿಷಯದಾಗ ನಿಮಗ ಬ್ಯಾಸರ ಆಗ್ಯದ ಅಂತ ಗೊತ್ತಾಯ್ತು, ಅದಕ್ಕ ಕ್ಷಮಿಸ್ರಿ. ಆ ವಾರ ಧಾರಣಿ ದಿನಾ ಇಳೀಲಿಕತ್ತಿತ್ತು. ಇನ್ನೂ ಇಳಿದ್ರ ನಿಮಗೇ ಲುಕ್ಸಾನ ಅಂತ ನಿಮ್ಮ ಒಳ್ಳೇದಕ್ಕೇ ಮಾರಿದೆ. ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ಸೀಸನ್ ಇತ್ತು, ಅಂಗಡ್ಯಾಗ ಭಾಳ ಗದ್ದಲ. ಮುನೀಮನೂ ಊರಿಗೆ ಹೋಗಿದ್ದ. ಆಮ್ಯಾಲ ಧಾರಣಿ ಏರ್ತದ ಅಂತ ಯಾರಿಗೆ ಗೊತ್ತಿತ್ತು? ಗಂಜಿನಾಗ ಎಲ್ಲಾರೂ ಹಿಂಗೇ ಮಾಡ್ತಾರ. ಅಪ್ಪನ ಕಾಲದಿಂದ ನಮ್ಮ ಅಂಗಡಿ ನಿಮ್ಮ ಕಷ್ಟಕ್ಕ ನಿಂತದ. ಹ್ವಾದ ವರ್ಷ ಬಿತ್ತಗಿಗೆ ಬಡ್ಡಿ ಇಲ್ದೆ ರೊಕ್ಕ ಕೊಟ್ಟಿದ್ದೆ. ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಮೇಲುನೋಟಕ್ಕೆ ಇದು ವಿನಯದ ಪತ್ರ. ಮರ್ಯಾದೆಗೆ ಕೊರತೆಯಿಲ್ಲ, ಎರಡು ಕಡೆ ಕ್ಷಮೆಯ ಮಾತೂ ಇದೆ. ಆದರೆ ಮಾಡಿದ ತಪ್ಪೇನು ಎಂಬುದು ಇದರಲ್ಲಿ ಎಲ್ಲೂ ಇಲ್ಲ. "ಮಾರಿದೆ" ಎಂಬ ಕ್ರಿಯಾಪದ ಒಂದೇ ಕಡೆ ಬರುತ್ತದೆ, ಅದೂ "ನಿಮ್ಮ ಒಳ್ಳೇದಕ್ಕೇ" ಎಂಬುದರ ಬೆನ್ನಿಗೆ. ಕೇಳದೆ ಮಾರಿದ್ದರ ಮಾತಿಲ್ಲ. ಹತ್ತು ದಿನ ಬಾಯಿ ಬಿಡದೆ ಇದ್ದದ್ದರ ಮಾತಂತೂ ಇಲ್ಲವೇ ಇಲ್ಲ.

ಕತ್ತರಿ ಹಿಡಿಯುವ ಮೊದಲು ಬೇರೊಂದು ಹಾಳೆಯಲ್ಲಿ ಎರಡು ವಿಷಯ ಬರೆದುಕೊಳ್ಳಬೇಕು. ಒಂದು, ತಪ್ಪನ್ನು ಯಾರು, ಏನು, ಯಾವ ಮಾತಿಗೆ ವಿರುದ್ಧವಾಗಿ ಎಂಬಷ್ಟಕ್ಕೆ ಇಳಿಸಿದ ವಾಕ್ಯ: "ಕೇಳದೆ ಮಾರುವುದಿಲ್ಲ ಎಂದು ಒಪ್ಪಿದ್ದ ನಾನು ಕೇಳದೆ ಮಾರಿದೆ, ಹತ್ತು ದಿನ ಹೇಳಲಿಲ್ಲ." ಇನ್ನೊಂದು, ಓದುವವರ ತಲೆಯಲ್ಲಿರುವ ಪ್ರಶ್ನೆಗಳು. ಕಾಕಾಗೆ ಇರಬಹುದಾದವು ಇವು: ಗೊತ್ತಿದ್ದೂ ಯಾಕೆ ಮಾರಿದ? ಯಾರಿಗೆ, ಎಷ್ಟಕ್ಕೆ ಮಾರಿದ? ನಡುವೆ ಅವನು ಏನಾದರೂ ತಿಂದನೇ? ನನ್ನ ನಷ್ಟದ ಗತಿ ಏನು? ಮುಂದಿನ ವರ್ಷ ಇಲ್ಲಿ ತೊಗರಿ ಇಡಬಹುದೇ? ಕರಡಿನ ಪ್ರತಿ ಸಾಲನ್ನೂ ಈ ಪ್ರಶ್ನೆಗಳ ಪಕ್ಕ ಇಟ್ಟು ನೋಡಬೇಕು. ಇವುಗಳಲ್ಲಿ ಒಂದಕ್ಕೆ ಉತ್ತರ ಕೊಡುವ ಸಾಲು ವಿವರಣೆಯಾಗುವ ಸಾಧ್ಯತೆ ಇದೆ. "ನಾನು ಅಷ್ಟು ಕೆಟ್ಟವನಲ್ಲ, ಅಲ್ಲವೇ?" ಎಂಬ ಬರೆದವನದೇ ಪ್ರಶ್ನೆಗೆ ಉತ್ತರವಾಗಿ ಬಂದ ಸಾಲು ಸಮರ್ಥನೆ.

ಇಲ್ಲಿ ಒಂದು ಹಳೆಯ ಭೇದವನ್ನು ನೆನೆಯುವುದು ಉಪಯುಕ್ತ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1956ರ ಉಪನ್ಯಾಸವೊಂದರಲ್ಲಿ ತಪ್ಪಿನ ಆರೋಪಕ್ಕೆ ಜನ ಕೊಡುವ ಉತ್ತರಗಳನ್ನು ಎರಡಾಗಿ ವಿಂಗಡಿಸಿದರು. ಸಮರ್ಥನೆ ಮಾಡುವವನು "ಮಾಡಿದ್ದು ನಾನೇ, ಆದರೆ ಅದು ಕೆಟ್ಟದ್ದಲ್ಲ" ಎನ್ನುತ್ತಾನೆ. ಸಬೂಬು ಹೇಳುವವನು "ಅದು ಕೆಟ್ಟದ್ದೇ, ಆದರೆ ಪೂರ್ತಿ ಹೊಣೆ ನನ್ನದಲ್ಲ" ಎನ್ನುತ್ತಾನೆ. ನಮ್ಮ ಕರಡಿನಲ್ಲಿ ಎರಡೂ ಇವೆ. "ನಿಮ್ಮ ಒಳ್ಳೇದಕ್ಕೇ", "ಎಲ್ಲಾರೂ ಹಿಂಗೇ ಮಾಡ್ತಾರ" ಮೊದಲ ಜಾತಿ. ಗದ್ದಲ, ಮುನೀಮ, ಎತ್ತದ ಫೋನು ಎರಡನೆಯ ಜಾತಿ. ತಿದ್ದುವವನಿಗೆ ಎರಡೂ ಒಂದೇ ರಾಶಿಗೆ ಹೋಗುತ್ತವೆ, ಏಕೆಂದರೆ ಎರಡರ ಕೆಲಸವೂ ತೂಕ ಇಳಿಸುವುದೇ. ಆದರೆ ಸಬೂಬನ್ನು ಗುರುತಿಸುವುದು ಕಷ್ಟ. ಅದರಲ್ಲಿ ಹೇಳಿದ್ದು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಅಂಗಡಿಯಲ್ಲಿ ಗದ್ದಲ ಇದ್ದದ್ದು ಸುಳ್ಳಲ್ಲ, ಮುನೀಮ ಊರಿಗೆ ಹೋದದ್ದೂ ಸುಳ್ಳಲ್ಲ. "ನಾನು ನಿಜವನ್ನೇ ಬರೆದಿದ್ದೇನಲ್ಲ, ಇದು ವಿವರಣೆಯೇ ತಾನೇ?" ಎಂದು ಬರೆದವನು ವಾದಿಸುವುದು ಈ ಕಾರಣಕ್ಕೇ.

ಆ ವಾದಕ್ಕೆ ಮದ್ದು "ಅದು ಇರದಿದ್ದರೆ?" ಎಂಬ ಪ್ರಶ್ನೆ. ಹೇಳಿದ ಕಾರಣವನ್ನು ಆ ದಿನದಿಂದ ತೆಗೆದುಹಾಕಿ. ಆಗಲೂ ಇದೇ ನಡೆಯುತ್ತಿತ್ತೆ? ನಡೆಯುತ್ತಿತ್ತು ಎಂದಾದರೆ ಅದು ಕಾರಣವಲ್ಲ, ಅಲಂಕಾರ. ಗದ್ದಲ ತೆಗೆಯಿರಿ: ಅಂಗಡಿ ಖಾಲಿ ಇದ್ದರೂ ಮಾರುತ್ತಿದ್ದ. ಮುನೀಮ ಅಂಗಡಿಯಲ್ಲೇ ಇದ್ದಿದ್ದರೂ ಮಾರುತ್ತಿದ್ದ. ಮುನೀಮನ ಸಾಲಿನಲ್ಲಿ ಇನ್ನೊಂದು ದೋಷವಿದೆ, ಅದನ್ನು ಕಾಕಾ ಖಂಡಿತ ಹಿಡಿಯುತ್ತಾರೆ. ಮುನೀಮನ ಹೆಸರು ತಂದದ್ದು "ಕೇಳಿ ಮಾರಬೇಕೆಂಬುದು ಅವನಿಗೆ ಗೊತ್ತಿತ್ತು, ನನ್ನ ನೆನಪಿನಲ್ಲಿರಲಿಲ್ಲ" ಎಂಬ ಸೂಚನೆಗೆ. ಆದರೆ ಎರಡು ಸಾಲು ಮೇಲೆ ಅವನೇ ಫೋನ್ ಹಚ್ಚಿದ್ದಾಗಿ ಬರೆದಿದ್ದಾನೆ. ಕೇಳಬೇಕೆಂದು ಗೊತ್ತಿಲ್ಲದವನು ಫೋನ್ ಯಾಕೆ ಹಚ್ಚುತ್ತಾನೆ? ಸಬೂಬುಗಳು ಒಂದಕ್ಕಿಂತ ಹೆಚ್ಚಾದಾಗ ಹೀಗೆ ಒಂದನ್ನೊಂದು ಕಚ್ಚುತ್ತವೆ. ಅಂಥ ಜೋಡಿ ಸಿಕ್ಕಿದರೆ ಕರಡಿನ ಬೇರೆ ಸಾಲುಗಳನ್ನೂ ಅನುಮಾನದಿಂದಲೇ ಓದಬೇಕು.

ಇಳಿಯುತ್ತಿದ್ದ ಧಾರಣಿಯ ಸಾಲು ಇವಕ್ಕಿಂತ ಗಟ್ಟಿ. ಆ ವಾರ ಧಾರಣಿ ನಿಜಕ್ಕೂ ಇಳಿದಿತ್ತು, ಅಡತಿಯವನು ಅದನ್ನು ನೋಡಿಯೇ ಇದ್ದ. ಇದನ್ನು ಪರೀಕ್ಷಿಸಲು ಅಂಗಡಿಯ ಉಳಿದ ಚೀಲಗಳನ್ನು ನೋಡಬೇಕು. ಕೇಳಿ ಮಾರಬೇಕೆಂದು ಇಟ್ಟುಹೋದ ಇನ್ನೂ ನಾಲ್ಕು ರೈತರ ತೊಗರಿ ಅದೇ ಉಗ್ರಾಣದಲ್ಲಿತ್ತು. ಧಾರಣಿ ಇಳಿದದ್ದು ಅವರಿಗೂ ಅಷ್ಟೇ, ಆದರೂ ಅವರ ಚೀಲ ಕದಲಲಿಲ್ಲ. ಅಂದಮೇಲೆ ಕಾಕಾನ ತೊಗರಿಯನ್ನು ಹೊರಗೆ ತಂದದ್ದು ಧಾರಣಿ ಅಲ್ಲ.

ಮತ್ತೇನು? ಒಂದು ದಾಲ್ ಮಿಲ್ಲಿಗೆ 100 ಕ್ವಿಂಟಲ್ ಕೊಡುತ್ತೇನೆಂದು ಅಡತಿಯವನು ಮಾತು ಕೊಟ್ಟಿದ್ದ. ಆ ಬೆಳಿಗ್ಗೆ ಕೈಯಲ್ಲಿದ್ದದ್ದು 88. ಕಾಕಾನ ಗುಡ್ಡೆ ಸರಿಯಾಗಿ 12. ಈ ಕಾರಣವನ್ನು ತೆಗೆದರೆ ಮಾರಾಟವೇ ಇಲ್ಲ. ಹನ್ನೆರಡು ವಾಕ್ಯದ ಕರಡಿನಲ್ಲಿ ಇದೊಂದೇ ಇರಲಿಲ್ಲ.

ಈ ಬಗೆಯ ಕರಡುಗಳಲ್ಲಿ ಇದು ಆಕಸ್ಮಿಕವಲ್ಲ. ಹೇಳಲು ನಾಚಿಕೆಯಾಗುವ ಒಂದು ಸಂಗತಿ ಇರುತ್ತದೆ, ಅದರ ಜಾಗದಲ್ಲಿ ಹೇಳಲು ಸುಲಭವಾದ ಐದು ಬಂದು ಕೂಡುತ್ತವೆ. ಹಾಗಾಗಿ ಸಮರ್ಥನೆಯ ಸಾಲುಗಳನ್ನು ಬರಿದೇ ಹೊಡೆದುಹಾಕಿ "ತಪ್ಪಾಯಿತು, ಕ್ಷಮಿಸಿ" ಎಂಬಷ್ಟನ್ನೇ ಕಳಿಸುವುದೂ ಸರಿಯಲ್ಲ. ಬಾಯಿ ಮುಚ್ಚಿಸಲು ಕಳಿಸಿದಂತೆ ಕಾಣುತ್ತದೆ, ಕಾಕಾನ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಸಾಲು ತೆಗೆದ ಜಾಗದಲ್ಲಿ ಖಾಲಿ ಕಂಡರೆ ಅಲ್ಲಿ ನಿಜವಾಗಿ ಏನಿರಬೇಕಿತ್ತು ಎಂದು ಹುಡುಕಬೇಕು.

ಹಾಗೆ ಸಿಕ್ಕ ನಿಜವಾದ ಕಾರಣವೂ ಬರೆಯುವ ಹೊತ್ತಿಗೆ ಕೈ ಜಾರಬಹುದು. ಎರಡನೆಯ ಕರಡಿನಲ್ಲಿ ಹೀಗೆ ಬಂತೆನ್ನಿ: "ಮಿಲ್ಲಿನವರು ಭಾಳ ಒತ್ತಾಯ ಮಾಡಿದ್ರು, ಲಾಟ್ ತುಂಬಿಸಲೇಬೇಕಾಯ್ತು, ಅದರಾಗ ನಿಮ್ಮದೂ ಹೋಗಿಬಿಡ್ತು." ಸಂಗತಿ ಅದೇ, ಆದರೆ ಮೂರು ಕ್ರಿಯೆಯಲ್ಲಿ ಒಂದನ್ನೂ ಅಡತಿಯವನು ಮಾಡಿಲ್ಲ. ಒತ್ತಾಯ ಮಾಡಿದವರು ಮಿಲ್ಲಿನವರು, ತುಂಬಿಸುವುದು "ಬೇಕಾಯ್ತು", ತೊಗರಿ ತಾನಾಗಿ "ಹೋಗಿಬಿಡ್ತು". ಇದನ್ನೇ "ಕೊಡ್ತೀನಂತ ನಾನು ಒಪ್ಪಿದ್ದೆ, 12 ಕಡಿಮಿ ಬಿತ್ತು, ನಿಮ್ಮದು ಹಾಕಿ ತುಂಬಿಸಿದೆ" ಎಂದು ಬರೆದರೆ ವಿವರಣೆ. ನಮ್ಮ ಭಾಷೆಯಲ್ಲಿ "ನಾನು" ಬಿಟ್ಟರೂ ವಾಕ್ಯ ನಡೆಯುತ್ತದೆ, ಆದ್ದರಿಂದ ನೋಡಬೇಕಾದದ್ದು ಕ್ರಿಯಾಪದದ ಬಾಲವನ್ನು. "ಮಾರಿದೆ" ಎಂದರೆ ಮಾರಿದವನು ಅಲ್ಲಿದ್ದಾನೆ. "ಮಾರಾಟ ಆಯ್ತು" ಎಂದರೆ ಅವನು ಜಾಗ ಖಾಲಿ ಮಾಡಿದ್ದಾನೆ. "ನಿಮಗೇ ಲುಕ್ಸಾನ", "ಒಳ್ಳೇದಕ್ಕೇ" ಎಂದು ಒತ್ತಿ ಹೇಳುವ ಏಕಾರ, "ಯಾರಿಗೆ ಗೊತ್ತಿತ್ತು?" ಎಂಬ ಉತ್ತರ ಬೇಡದ ಪ್ರಶ್ನೆ, "ಏನರ ತಪ್ಪಾಗಿದ್ರ" ಎಂಬ "ಇದ್ರ", ಇವು ಕಂಡಲ್ಲೆಲ್ಲ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳಬಹುದು. ಗುರುತು ಬಿದ್ದದ್ದೆಲ್ಲ ಸಮರ್ಥನೆ ಎಂದಲ್ಲ, ಆದರೆ ಹುಡುಕಾಟವನ್ನು ಅಲ್ಲಿಂದ ಶುರುಮಾಡಬಹುದು.

ಫೋನಿನ ಸಾಲಿನ ವಿಚಾರದಲ್ಲಿ ತಿದ್ದುವವರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ. "ನೀವು ಎತ್ತಲಿಲ್ಲ" ಎಂಬುದು ತಪ್ಪಿನ ಒಂದು ತುಂಡನ್ನು ಕಾಕಾನ ಮಡಿಲಿಗೆ ಹಾಕುತ್ತದೆ, ಆದ್ದರಿಂದ ಪೂರ್ತಿ ತೆಗೆಯಬೇಕು ಎನ್ನುವುದು ಒಂದು ವಾದ. ಆದರೆ ಕಾಕಾನ ಮೊಬೈಲಿನಲ್ಲಿ ಆ ಮಿಸ್ಡ್ ಕಾಲ್ ಇದೆ. ಪತ್ರ ಅದರ ಬಗ್ಗೆ ಮೌನವಾಗಿದ್ದರೆ ಅದೇ ಒಂದು ಪ್ರಶ್ನೆಯಾಗುತ್ತದೆ. ನಮ್ಮ ತೀರ್ಮಾನ, ಅರ್ಧ ಹೇಳಿದ್ದನ್ನು ಪೂರ್ತಿ ಹೇಳಿ ಉಳಿಸಿಕೊಳ್ಳುವುದು. ಅಂಗಡಿಯ ಪುಸ್ತಕದಲ್ಲಿ ಕಾಕಾನ ಮಗನ ನಂಬರೂ ಇತ್ತು. "ಒಂದು ಸಲ ಫೋನ್ ಹಚ್ಚಿದೆ. ನಿಮ್ಮ ಮಗನ ನಂಬರ್ ಇತ್ತು, ಹಚ್ಚಲಿಲ್ಲ. ಕಾಯಲೂ ಇಲ್ಲ." ಅರ್ಧಕ್ಕೆ ನಿಂತಾಗ ಬರೆದವನನ್ನು ಕಾಪಾಡುತ್ತಿದ್ದ ಸಂಗತಿ ಪೂರ್ತಿಯಾದಾಗ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಸಾಲನ್ನು ಎಲ್ಲಿ ನಿಲ್ಲಿಸಿದ್ದೇವೆ ಎಂಬುದರ ಮೇಲೆ ಒಂದೇ ಸಂಗತಿ ಎರಡೂ ಕಡೆ ವಾಲಬಲ್ಲದು.

ಅಪ್ಪನ ಕಾಲದ ನಂಟು ಮತ್ತು ಬಡ್ಡಿಯಿಲ್ಲದ ಸಾಲದ ಸಾಲುಗಳಿಗೆ ಚರ್ಚೆಯೇ ಬೇಡ. ಅವು ತೊಗರಿಯ ವಿಷಯವನ್ನೇ ಹೇಳುವುದಿಲ್ಲ. ಬಿತ್ತಗಿಗೆ ಕೊಟ್ಟ ಹಣವನ್ನು ಈಗ ನೆನಪಿಸಿದರೆ, ಮುಂದಿನ ಮುಂಗಾರಿಗೂ ಅದೇ ಅಂಗಡಿಯ ಮುಂದೆ ನಿಲ್ಲಬೇಕಾದ ರೈತನಿಗೆ ಅದು ಬೆದರಿಕೆಯಾಗಿ ಕೇಳುತ್ತದೆ. ಕರಡಿನ ಅತ್ಯಂತ ಹಾನಿಕರ ಸಾಲು ಇದೇ, ಬರೆದವನಿಗೆ ಮಾತ್ರ ಅದು ಪ್ರೀತಿಯ ಮಾತಾಗಿ ಕಂಡಿರುತ್ತದೆ.

ಇನ್ನು ತನ್ನ ಪರವಾಗಿರುವ ಸಂಗತಿಯನ್ನು ಬರೆಯಲೇಬಾರದೇ ಎಂಬ ಅನುಮಾನ. "ನಡುವೆ ಅವನು ಏನಾದರೂ ತಿಂದನೇ?" ಎಂಬ ಪ್ರಶ್ನೆ ಕಾಕಾನ ಪಟ್ಟಿಯಲ್ಲಿತ್ತು. ಊರಲ್ಲಿ ಹಾಗೆಂದು ಮಾತೂ ಎದ್ದಿರುತ್ತದೆ. ಮಿಲ್ಲಿನವರು ಕೊಟ್ಟದ್ದೂ 6,900, ಕಾಕಾನ ಹೆಸರಿಗೆ ಜಮಾ ಆದದ್ದೂ ಅದೇ ಧಾರಣಿ ಎನ್ನುವುದಾದರೆ ಅದನ್ನು ಹೇಳಬಹುದು, ಅದು ಅವರು ಕೇಳುವ ಪ್ರಶ್ನೆಗೆ ಉತ್ತರ. ಆದರೆ "ನಾನು ಒಂದು ಪೈಸೆ ತಿಂದವನಲ್ಲ" ಎಂದು ಆಣೆ ಹಾಕುವ ಬದಲು ಮಾರಾಟದ ಪಟ್ಟಿಯ ಫೋಟೊ ಹಚ್ಚಿ, ಎರಡೂ ಅಂಕಿ ಅದರಲ್ಲಿವೆ ಎಂದಷ್ಟೇ ಬರೆದರೆ ಸಾಕು.

ತಿದ್ದಿದ ಪತ್ರ:

"ಕಾಕಾ, ನಮಸ್ಕಾರ. ಕೇಳದೆ ಮಾರಬ್ಯಾಡ ಅಂತ ನೀವು ಹೇಳಿದ್ರಿ, ನಾನು ಹೂಂ ಅಂದಿದ್ದೆ. ಕೇಳದೆ ನಿಮ್ಮ 12 ಕ್ವಿಂಟಲ್ ತೊಗರಿ 6,900ಕ್ಕ ಮಾರಿದೆ. ಮಾರಿದ ಮ್ಯಾಲ ಹತ್ತು ದಿನ ನಿಮಗ ಹೇಳಲಿಲ್ಲ. ಎರಡೂ ನನ್ನ ತಪ್ಪು.

ಮಿಲ್ಲಿಗೆ 100 ಕ್ವಿಂಟಲ್ ಕೊಡ್ತೀನಂತ ನಾನು ಒಪ್ಪಿದ್ದೆ. 12 ಕಡಿಮಿ ಬಿತ್ತು, ನಿಮ್ಮದು ಹಾಕಿ ತುಂಬಿಸಿದೆ. ಒಂದು ಸಲ ಫೋನ್ ಹಚ್ಚಿದೆ. ನಿಮ್ಮ ಮಗನ ನಂಬರ್ ಇತ್ತು, ಹಚ್ಚಲಿಲ್ಲ. ಕಾಯಲೂ ಇಲ್ಲ. ಆಮ್ಯಾಲ ಧಾರಣಿ ಏರಿದಾಗ ಹೇಳಲಿಕ್ಕ ಅಂಜಿ ಸುಮ್ಮನಿದ್ದೆ. ಮಾರಿದ ಪಟ್ಟಿ ಕೆಳಗ ಹಾಕೀನಿ, ಮಿಲ್ಲಿನವರು ಕೊಟ್ಟ ಧಾರಣಿ, ನಿಮ್ಮ ಖಾತೆಗೆ ಹಿಡಿದ ಧಾರಣಿ ಎರಡೂ ಅದರಾಗ ಅವ.

ನೀವು ಮಾರು ಅಂದ ದಿನ 7,450 ಇತ್ತು. ಕ್ವಿಂಟಲ್‌ಗೆ 550ರಂತೆ 6,600 ರೂಪಾಯಿ ನಿಮಗ ಕೊಡೂದದ. ಇದು ನನ್ನ ಲೆಕ್ಕ, ನಿಮ್ಮ ಲೆಕ್ಕ ಬ್ಯಾರೆ ಇದ್ರ ಹೇಳ್ರಿ. ಸೋಮವಾರ ಊರಿಗೆ ಬಂದು ಮೊದಲಿನ ರೊಕ್ಕ, ಇದು ಎರಡೂ ಕೊಡ್ತೀನಿ. ಬರೂದು ಬ್ಯಾಡ ಅಂದ್ರ ಬ್ಯಾಂಕಿಗೆ ಹಾಕ್ತೀನಿ. ಇನ್ನ ಮ್ಯಾಲ ಕೇಳಿ ಮಾರೂ ಚೀಲದ ಮ್ಯಾಲ ರೈತರ ಎರಡು ನಂಬರ್ ಬರದ ಚೀಟಿ ಇರ್ತದ, ಹೂಂ ಅನ್ನೂತನಕ ಚೀಲ ಹೊರಗ ಬರಂಗಿಲ್ಲ."

ಹಳೆಯ ಕರಡಿನಿಂದ ಉಳಿದದ್ದು ನಮಸ್ಕಾರ ಮತ್ತು ಫೋನಿನ ಅರ್ಧ ಸಾಲು. "ಅಂಜಿ ಸುಮ್ಮನಿದ್ದೆ" ಎಂಬುದು ಗಡಿಯ ಮೇಲಿನ ಸಾಲು. ಹತ್ತು ದಿನದ ಮೌನಕ್ಕೆ ಅದು ನಿಜವಾದ ಕಾರಣ, ಅದಕ್ಕೇ ಉಳಿಯಿತು. ಮುಂದುವರಿದು "ನಿಮ್ಮ ಮೇಲಿನ ಗೌರವಕ್ಕೇ ಅಂಜಿದ್ದು" ಎಂದಿದ್ದರೆ ತೆಗೆಯಬೇಕಿತ್ತು.

ಕಾರಣ ಎರಡನೆಯ ಭಾಗಕ್ಕೆ ಬಂದದ್ದನ್ನೂ ಗಮನಿಸಿ. ತಪ್ಪಿನ ಹೆಸರು ಹೇಳುವ ಮೊದಲೇ ಕಾರಣ ಬಂದರೆ, ಅದು ಎಷ್ಟೇ ನೇರವಾಗಿರಲಿ, ಓದುವವರಿಗೆ ನೆಲ ಹದ ಮಾಡಿದಂತೆ ಕೇಳುತ್ತದೆ. ಕಾಕಾನಂಥವರಿಗೆ ವಾಟ್ಸಾಪಿನ ಸಂದೇಶವನ್ನು ಮನೆಯಲ್ಲಿ ಮಗನೋ ಸೊಸೆಯೋ ಗಟ್ಟಿಯಾಗಿ ಓದಿ ಹೇಳುವುದೂ ಉಂಟು. ಆಗ ಮೊದಲ ನಾಲ್ಕು ವಾಕ್ಯವನ್ನು ಕೇಳಿಯೇ ಮುಂದೆ ಓದಿಸಬೇಕೋ ಬೇಡವೋ ಎಂಬುದು ತೀರ್ಮಾನವಾಗಿಬಿಡುತ್ತದೆ.

ಕೊನೆಯಲ್ಲಿ "ಹೊಟ್ಟ್ಯಾಗ ಹಾಕ್ಕೋರಿ" ಇಲ್ಲದ್ದು ಕೆಲವರಿಗೆ ಒರಟು ಎನಿಸಬಹುದು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಪಣೆಯ ಆರು ಅಂಗಗಳನ್ನು ಹೋಲಿಸಿ ನೋಡಿದಾಗ, ಓದುಗರು ಹೆಚ್ಚು ತೂಕ ಕೊಟ್ಟದ್ದು ಹೊಣೆ ಒಪ್ಪಿಕೊಳ್ಳುವುದಕ್ಕೆ, ಅದರ ನಂತರ ನಷ್ಟ ತುಂಬಿಕೊಡುವ ಮಾತಿಗೆ. "ಕ್ಷಮಿಸಿ" ಎಂಬ ಬೇಡಿಕೆ ಎಲ್ಲಕ್ಕಿಂತ ಕೆಳಗೆ ಬಂತು. ಅದು ಅಮೆರಿಕದ ಓದುಗರ ಮಾತು, ಆಳಂದದ ಕಟ್ಟೆಯ ಮೇಲೆ ಹಾಗೆಯೇ ಹೊಂದಬೇಕೆಂದಿಲ್ಲ. ಹಿರಿಯರ ಮುಂದೆ ಆ ಮಾತಿಲ್ಲದೆ ಪತ್ರ ಮುಗಿಸಲು ಮನಸ್ಸು ಒಪ್ಪದಿದ್ದರೆ "ತಪ್ಪಾತ್ರಿ ಕಾಕಾ" ಎಂದು ಸೇರಿಸಿಕೊಳ್ಳಬಹುದು. "ಏನರ ಆಗಿದ್ರ" ಮಾತ್ರ ಬೇಡ.

ಒಂದು ಎಚ್ಚರಿಕೆ: ಇಂಥ ಬರಹ ಲಿಖಿತ ತಪ್ಪೊಪ್ಪಿಗೆಯೂ ಹೌದು. ವಿಷಯ ಈಗಾಗಲೇ ದೂರಿನ ಅಥವಾ ಕೋರ್ಟಿನ ಮೆಟ್ಟಿಲೇರಿದ್ದರೆ ಕಳಿಸುವ ಮೊದಲು ವಕೀಲರಿಗೆ ತೋರಿಸಬೇಕು.

ಪತ್ರ ಚೆನ್ನಾಗಿದ್ದೂ ಕೆಲಸ ಕೆಡುವುದು ಹೆಚ್ಚಾಗಿ ಸೋಮವಾರ, ಎದುರಾಎದುರು. ಕರಡಿನಿಂದ ಹೊಡೆದುಹಾಕಿದ ಸಾಲುಗಳೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತವೆ. ಕಾಕಾ "ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡ್ತಿರಲಿಲ್ಲ" ಎಂದ ಕೂಡಲೇ "ಅಲ್ರಿ ಕಾಕಾ, ಆ ವಾರ ಧಾರಣಿ…" ಎಂದು ಬಾಯಿ ತೆರೆಯುತ್ತದೆ. ಹೋಗುವ ಮೊದಲು ಆ ಹತ್ತು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು, ಇವನ್ನು ಆಡಬಾರದು ಎಂದು ಒಮ್ಮೆ ಓದಿಕೊಂಡು ಹೋಗಬೇಕು. ಅವರಾಗಿಯೇ "ಧಾರಣಿ ಇಳೀಲಿಕತ್ತಿತ್ತಂತಲ್ಲ?" ಎಂದು ಕೇಳಿದರೆ ಉತ್ತರ ಇಷ್ಟು: "ಇಳೀಲಿಕತ್ತಿತ್ರಿ. ನಾ ಮಾರಿದ್ದು ಅದಕ್ಕಲ್ಲ."